ಜರ್ಮನಿಗೆ ಹೊರಟ ನರ್ಸ್ ಮತ್ತು ವೀಸಾಕ್ಕಿಂತ ದೊಡ್ಡ ಕಾಗದ

ನರ್ಸಿಂಗ್ ಕಾಲೇಜುಗಳ ಎದುರಿನ ಜೆರಾಕ್ಸ್ ಅಂಗಡಿಗಳಲ್ಲಿ, ವಿದ್ಯಾರ್ಥಿಗಳ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಈಗ ಒಂದು ಬಗೆಯ ಜಾಹೀರಾತು ಮಾಮೂಲು. ಜರ್ಮನಿಯಲ್ಲಿ ನರ್ಸ್ ಕೆಲಸ, ವೀಸಾ ಸ್ಪಾನ್ಸರ್‌ಶಿಪ್ ಉಚಿತ, ಆರು ತಿಂಗಳಲ್ಲಿ ಪ್ರಯಾಣ. ಇದರಲ್ಲಿ ಕೆಲಸ ಇದೆ ಎಂಬ ಮಾತು ನಿಜ. ಜರ್ಮನಿಯ ಆಸ್ಪತ್ರೆಗಳಿಗೂ ವೃದ್ಧಾಶ್ರಮಗಳಿಗೂ ನರ್ಸ್‌ಗಳು ಸಾಲುತ್ತಿಲ್ಲ. ಭಾರತ ಮತ್ತು ಜರ್ಮನಿ 2022ರ ಡಿಸೆಂಬರ್‌ನಲ್ಲಿ ವಲಸೆ ಒಪ್ಪಂದಕ್ಕೆ ಸಹಿ ಹಾಕಿವೆ. ಭಾರತದ ಕುಶಲ ಕೆಲಸಗಾರರಿಗೆ ಕೊಡುವ ವೀಸಾಗಳನ್ನು ವರ್ಷಕ್ಕೆ 20 ಸಾವಿರದಿಂದ 90 ಸಾವಿರಕ್ಕೆ ಏರಿಸುವುದಾಗಿ ಜರ್ಮನಿ 2024ರ ಅಕ್ಟೋಬರ್‌ನಲ್ಲಿ ಹೇಳಿತು. ಪತ್ರಿಕೆಗಳಲ್ಲಿ ದೊಡ್ಡದಾಗಿ ಬಂದದ್ದು ಈ ಸಂಖ್ಯೆಯೇ. ಆದರೆ ನರ್ಸ್ ಒಬ್ಬರು ದಾಟಬೇಕಾದ ಮೆಟ್ಟಿಲುಗಳಲ್ಲಿ ಒಂದನ್ನೂ ಅದು ತೆಗೆದುಹಾಕಿಲ್ಲ.

ಉಳಿದ ಎರಡು ಮಾತುಗಳನ್ನು, ಅಂದರೆ ಸ್ಪಾನ್ಸರ್‌ಶಿಪ್ಪನ್ನೂ ಆರು ತಿಂಗಳನ್ನೂ, ಸ್ವಲ್ಪ ನಿಧಾನವಾಗಿ ನೋಡಬೇಕು. ಯಾಕೆಂದರೆ ಹೊರದೇಶದ ಕೆಲಸವೆಂದರೆ ವೀಸಾ ಎಂದೇ ನಾವು ತಿಳಿದಿದ್ದೇವೆ. ನರ್ಸ್‌ಗಳ ಮಟ್ಟಿಗೆ ಎಲ್ಲವನ್ನೂ ತೀರ್ಮಾನಿಸುವುದು ವೀಸಾ ಅಲ್ಲ. ನಿಮ್ಮ ಓದು ಅಲ್ಲಿಯ ಓದಿಗೆ ಸಮ ಎಂದು ಒಪ್ಪಿ ಅಲ್ಲಿಯ ಸರ್ಕಾರ ಕೊಡುವ ಮಾನ್ಯತಾ ಪತ್ರ. ಸಂಬಳ, ಗಂಡ ಮಕ್ಕಳನ್ನು ಕರೆಸಿಕೊಳ್ಳುವ ದಿನ, ಕಾಯಂ ವಾಸದ ಲೆಕ್ಕ ಎಲ್ಲವೂ ಆ ಪತ್ರದ ತಾರೀಖಿಗೆ ಗಂಟುಬಿದ್ದಿವೆ.

ಮೊದಲು ಸ್ಪಾನ್ಸರ್‌ಶಿಪ್. ಈ ಮಾತು ನಮ್ಮಲ್ಲಿ ಬೇರೂರಿರುವುದು ಬಹುಪಾಲು ಗಲ್ಫ್ ಮತ್ತು ಬ್ರಿಟನ್‌ನಿಂದ. ಬ್ರಿಟನ್‌ನಲ್ಲಿ ಹೊರದೇಶದವರನ್ನು ನೇಮಿಸಿಕೊಳ್ಳಲು ಆಸ್ಪತ್ರೆಗೆ ಅಲ್ಲಿಯ ಗೃಹ ಇಲಾಖೆಯ ಸ್ಪಾನ್ಸರ್ ಲೈಸೆನ್ಸ್ ಇರಬೇಕು. ಲೈಸೆನ್ಸ್ ಇರುವವರ ಪಟ್ಟಿಯನ್ನು ಯಾರು ಬೇಕಾದರೂ ನೋಡಬಹುದು. ಅಂಥ ಉದ್ಯೋಗದಾತರು ಕೊಡುವ ಸ್ಪಾನ್ಸರ್‌ಶಿಪ್ ಪ್ರಮಾಣಪತ್ರದ ಮೇಲೆ ವೀಸಾ ನಿಂತಿರುತ್ತದೆ. ಜರ್ಮನಿಯಲ್ಲಿ ಈ ಲೈಸೆನ್ಸ್ ಪದ್ಧತಿಯೇ ಇಲ್ಲ. ಕಾನೂನುಬದ್ಧವಾಗಿ ನಡೆಯುವ ಯಾವ ಆಸ್ಪತ್ರೆಯೂ ನಿಮ್ಮನ್ನು ಕೆಲಸಕ್ಕೆ ಕರೆಯಬಹುದು. ಹಾಗಾಗಿ 'ನಮ್ಮ ಹತ್ತಿರ ಮಾತ್ರ ಜರ್ಮನ್ ಸ್ಪಾನ್ಸರ್‌ಶಿಪ್ ಇದೆ' ಎಂದು ಏಜೆಂಟ್ ಹೇಳಿದರೆ, ಇಲ್ಲದ ವಸ್ತುವಿಗೆ ಬೆಲೆ ಹೇಳುತ್ತಿದ್ದಾನೆ ಎಂದೇ ಅರ್ಥ.

ಜರ್ಮನಿಯ ಉದ್ಯೋಗದಾತರು ನಿಜವಾಗಿ ಮಾಡುವ ಕೆಲಸ ಬೇರೆ. ಅವರು ಸಹಿ ಮಾಡಿದ ಉದ್ಯೋಗ ಕರಾರು ಕೊಡುತ್ತಾರೆ. ಜೊತೆಗೆ ಹುದ್ದೆ, ವಾರದ ಕೆಲಸದ ಗಂಟೆ, ಸಂಬಳ, ರಜೆಗಳನ್ನು ತುಂಬಿದ ಸರ್ಕಾರಿ ನಮೂನೆಯೊಂದನ್ನು ಕೊಡುತ್ತಾರೆ. ಅಲ್ಲಿಯ ಕೇಂದ್ರ ಉದ್ಯೋಗ ಸಂಸ್ಥೆ ಅದನ್ನು ನೋಡಿ, ಅದೇ ಕೆಲಸ ಮಾಡುವ ಜರ್ಮನ್ನರಿಗಿಂತ ನಿಮಗೆ ಕಡಿಮೆ ಸಂಬಳ ಕೊಡುತ್ತಿಲ್ಲ ಎಂದು ಖಾತ್ರಿ ಮಾಡಿಕೊಳ್ಳುತ್ತದೆ. ಇದಕ್ಕೂ ಮುಂದೆ ಹೋಗಲು ಒಪ್ಪುವ ಉದ್ಯೋಗದಾತರು ಸಿಕ್ಕರೆ ಇನ್ನೂ ಒಳ್ಳೆಯದು. ನಿಮ್ಮಿಂದ ಅಧಿಕಾರ ಪತ್ರ ಪಡೆದು ಅವರು ತಮ್ಮ ಊರಿನ ವಿದೇಶಿಯರ ಕಚೇರಿಯಲ್ಲಿ 'ತ್ವರಿತ ಪ್ರಕ್ರಿಯೆ'ಗೆ ಅರ್ಜಿ ಹಾಕಬಹುದು. ವಾಸದ ಕಾಯ್ದೆಯ 81ಎ ಕಲಮಿನಲ್ಲಿ ಇದಕ್ಕೆ ಅವಕಾಶವಿದೆ, ಶುಲ್ಕ 411 ಯೂರೋ. ಆಗ ನಿಮ್ಮ ಓದಿನ ಮಾನ್ಯತೆಯ ಬಗ್ಗೆ ಎರಡು ತಿಂಗಳಲ್ಲಿ ತೀರ್ಮಾನ ಬರಬೇಕು. ಅದಾದ ಮೇಲೆ ಬರುವ ಪೂರ್ವಾನುಮತಿ ಪತ್ರ ಹಿಡಿದರೆ ಮೂರು ವಾರದೊಳಗೆ ವೀಸಾ ಅಪಾಯಿಂಟ್‌ಮೆಂಟ್, ಪೂರ್ಣ ಅರ್ಜಿ ಕೊಟ್ಟ ಮೇಲೆ ಸಾಮಾನ್ಯವಾಗಿ ಇನ್ನು ಮೂರು ವಾರದಲ್ಲಿ ಉತ್ತರ. ಸಂದರ್ಶನದಲ್ಲಿ 'ಸ್ಪಾನ್ಸರ್ ಮಾಡುತ್ತೀರಾ?' ಎಂದು ಕೇಳುವ ಬದಲು '81ಎ ಪ್ರಕ್ರಿಯೆ ನೀವೇ ಶುರುಮಾಡುತ್ತೀರಾ?' ಎಂದು ಕೇಳಿ. ಅವರ ಉತ್ತರದಲ್ಲೇ ಅವರಿಗೆ ಈ ದಾರಿ ಎಷ್ಟು ಗೊತ್ತು ಎಂಬುದು ತಿಳಿದುಬಿಡುತ್ತದೆ.

ಎರಡು ತಿಂಗಳು ಎಂಬ ಅವಧಿಯಲ್ಲೊಂದು ಗುಟ್ಟಿದೆ. ಅದು ಎಣಿಕೆಗೆ ಬರುವುದು ಕಡತ ಪೂರ್ಣವಾದ ದಿನದಿಂದ, ಅರ್ಜಿ ಹಾಕಿದ ದಿನದಿಂದ ಅಲ್ಲ. ಒಂದು ಕಾಗದ ಕಡಿಮೆಯಿದ್ದರೂ ಗಡಿಯಾರ ನಿಂತಿರುತ್ತದೆ. ನಮ್ಮವರು ಹೆಚ್ಚು ಕಾಲ ಕಳೆದುಕೊಳ್ಳುವುದು ಇಲ್ಲೇ.

ಬೆಂಗಳೂರಿನ ಸಾಫ್ಟ್‌ವೇರ್ ಎಂಜಿನಿಯರ್‌ಗೆ ಈ ಕಡತದ ತಲೆನೋವು ಅಷ್ಟಿಲ್ಲ. ಅವರದು ಜರ್ಮನಿಯಲ್ಲಿ ಕಾನೂನಿನ ನಿಯಂತ್ರಣಕ್ಕೆ ಒಳಪಟ್ಟ ವೃತ್ತಿಯಲ್ಲ. ಅವರ ವಿಶ್ವವಿದ್ಯಾಲಯ ಮತ್ತು ಪದವಿ 'ಅನಾಬಿನ್' ಎಂಬ ಜರ್ಮನ್ ದತ್ತಾಂಶ ಪಟ್ಟಿಯಲ್ಲಿ ಸರಿಯಾದ ಗುರುತಿನೊಂದಿಗೆ ಇದ್ದರೆ ಬಹುಮಟ್ಟಿಗೆ ಸಾಕು. ನರ್ಸಿಂಗ್ ನಿಯಂತ್ರಿತ ವೃತ್ತಿ. ಪರವಾನಗಿಯಿಲ್ಲದೆ ಅಲ್ಲಿ ನರ್ಸ್ ಎಂದು ಕರೆದುಕೊಳ್ಳುವಂತಿಲ್ಲ. ಆ ಪರವಾನಗಿ ಕೊಡುವುದು ಕೇಂದ್ರ ಸರ್ಕಾರವಲ್ಲ, 16 ರಾಜ್ಯಗಳ ಪೈಕಿ ನೀವು ಕೆಲಸ ಮಾಡಲಿರುವ ರಾಜ್ಯ. ಬವೇರಿಯಾದಲ್ಲಾದರೆ ಆಂಬೆರ್ಗ್ ಊರಿನ ನರ್ಸಿಂಗ್ ಕಚೇರಿ, ನಾರ್ತ್ ರೈನ್ ವೆಸ್ಟ್‌ಫಾಲಿಯಾದಲ್ಲಾದರೆ ಮ್ಯೂನ್‌ಸ್ಟರ್‌ನ ಪ್ರಾದೇಶಿಕ ಆಡಳಿತ, ಬಾಡೆನ್ ವ್ಯೂರ್ಟೆಂಬೆರ್ಗ್‌ನಲ್ಲಾದರೆ ಸ್ಟುಟ್‌ಗಾರ್ಟ್‌ನದು. ಕೇಳುವ ಕಾಗದಗಳ ಪಟ್ಟಿಯೂ ಶುಲ್ಕವೂ ಒಂದೊಂದು ಕಡೆ ಒಂದೊಂದು ಥರ. ಗೆಳತಿಯೊಬ್ಬಳು ಬವೇರಿಯಾಗೆ ಕಳಿಸಿದ ಪಟ್ಟಿಯನ್ನೇ ನಕಲು ಮಾಡಿ ಹೆಸ್ಸೆನ್ ರಾಜ್ಯಕ್ಕೆ ಕಳಿಸಿದರೆ ಏನಾದರೊಂದು ಕಡಿಮೆ ಬೀಳುತ್ತದೆ. ಯಾವ ರಾಜ್ಯ ಎಂದು ತೀರ್ಮಾನವಾದ ಮೇಲೆಯೇ ದುಡ್ಡು ಖರ್ಚುಮಾಡಿ. ಅಪೊಸ್ಟಿಲ್ ಮುದ್ರೆ ಬೇಕೇ ಬೇಡವೇ ಎಂಬುದನ್ನೂ ಆ ಕಚೇರಿಯನ್ನೇ ಇಮೇಲ್‌ನಲ್ಲಿ ಕೇಳಿ ತಿಳಿಯಬೇಕು. ಏಜೆಂಟರು 'ಎಲ್ಲದಕ್ಕೂ ಮಾಡಿಸಿಬಿಡಿ' ಎನ್ನುವುದುಂಟು. ಅದರಲ್ಲಿ ಅವರ ಕಮಿಷನ್ನೂ ಸೇರಿರುತ್ತದೆ.

ಆ ಕಚೇರಿ ನೋಡುವುದೇನು? ಜರ್ಮನಿಯ ನರ್ಸಿಂಗ್ ತರಬೇತಿ ಮೂರು ವರ್ಷದ್ದು. 2,100 ಗಂಟೆ ಪಾಠ, 2,500 ಗಂಟೆ ಆಸ್ಪತ್ರೆ ಮತ್ತಿತರ ಕಡೆಯ ಪ್ರಾಯೋಗಿಕ ಕೆಲಸ. ನಿಮ್ಮ ಜಿಎನ್‌ಎಂ ಅಥವಾ ಬಿಎಸ್ಸಿ ನರ್ಸಿಂಗ್‌ನ ಗಂಟೆಗಳನ್ನು ವಿಷಯವಾರು ಇದರ ಪಕ್ಕದಲ್ಲಿಟ್ಟು ಹೋಲಿಸುತ್ತಾರೆ. ಅಂಕಗಳ ಬಗ್ಗೆ ಅವರಿಗೆ ಅಂಥ ಆಸಕ್ತಿಯಿಲ್ಲ. ಡಿಸ್ಟಿಂಕ್ಷನ್ ಬಂದಿದ್ದರೂ ಜಸ್ಟ್ ಪಾಸಾಗಿದ್ದರೂ ವ್ಯತ್ಯಾಸ ಅಷ್ಟರಲ್ಲೇ ಇದೆ. ಆದ್ದರಿಂದ ಮಾರ್ಕ್ಸ್ ಕಾರ್ಡ್ ಎಷ್ಟು ಚೆಂದವಿದ್ದರೂ ಸಾಲದು. ಸರ್ಜರಿ ವಾರ್ಡಿನಲ್ಲಿ ಎಷ್ಟು ಗಂಟೆ, ಮಕ್ಕಳ ವಾರ್ಡಿನಲ್ಲಿ ಎಷ್ಟು, ಮನೋರೋಗ ವಿಭಾಗದಲ್ಲಿ ಎಷ್ಟು ಎಂದು ಪಾಠ ಬೇರೆ, ಪ್ರಾಯೋಗಿಕ ಬೇರೆ ಮಾಡಿ ಬರೆದ ಟ್ರಾನ್ಸ್‌ಕ್ರಿಪ್ಟ್ ಬೇಕು. ಬಿಎಸ್ಸಿಯವರಿಗೆ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ, ಜಿಎನ್‌ಎಂನವರಿಗೆ ರಾಜ್ಯ ಡಿಪ್ಲೊಮಾ ನರ್ಸಿಂಗ್ ಪರೀಕ್ಷಾ ಮಂಡಳಿ ಅಂಕಪಟ್ಟಿ ಕೊಡುತ್ತವೆ. ಆದರೆ ಯಾವ ವಾರ್ಡಿನಲ್ಲಿ ನಿಜಕ್ಕೂ ಎಷ್ಟು ಗಂಟೆ ನಿಂತಿರಿ ಎಂಬ ದಾಖಲೆ ಓದಿದ ಕಾಲೇಜಿನಲ್ಲಿರುತ್ತದೆ. ಕಾಲೇಜು ಮುಚ್ಚಿದ್ದರೆ, ಪ್ರಾಂಶುಪಾಲರು ಬದಲಾಗಿದ್ದರೆ, ಅಥವಾ ಲೆಟರ್‌ಹೆಡ್ಡಿನಲ್ಲಿ ಸಹಿ ಹಾಕಿ ಕೊಡಲು ಕಾಲೇಜಿನವರು ಸತಾಯಿಸಿದರೆ ಇಲ್ಲೇ ತಿಂಗಳುಗಳು ಹೋಗುತ್ತವೆ. ಇದಕ್ಕೆ ಜರ್ಮನ್ ಕಲಿಯುವವರೆಗೆ ಕಾಯಬೇಕಾಗಿಲ್ಲ. ಓದು ಮುಗಿದ ವರ್ಷವೇ ತೆಗೆದಿಟ್ಟುಕೊಂಡರೆ ಜಾಣತನ.

ಇದರ ಜೊತೆ ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್‌ನ ನೋಂದಣಿ ಪತ್ರ ಚಾಲ್ತಿಯಲ್ಲಿರಬೇಕು. ನೀವು ಕೆಲಸ ಮಾಡಿದ ಆಸ್ಪತ್ರೆಗಳ ಅನುಭವ ಪತ್ರಗಳೂ ಬೇಕು. ಅನುಭವ ಪತ್ರವೆಂದರೆ 'ಇವರ ನಡತೆ ಉತ್ತಮ, ಭವಿಷ್ಯಕ್ಕೆ ಶುಭ ಹಾರೈಸುತ್ತೇವೆ' ಎಂದು ಮುಗಿಸುವ ಎರಡು ಸಾಲಲ್ಲ. ಯಾವ ವಿಭಾಗ, ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ, ವಾರಕ್ಕೆ ಎಷ್ಟು ಗಂಟೆ, ಮಾಡಿದ ಕೆಲಸಗಳೇನು ಎಂದು ಅದರಲ್ಲಿರಬೇಕು. ಓದಿನಲ್ಲಿ ಕಂಡ ಕೊರತೆಯನ್ನು ಕೆಲಸದ ಅನುಭವದಿಂದ ತುಂಬಿಕೊಳ್ಳಲು ಕಾನೂನು ಅವಕಾಶ ಕೊಡುತ್ತದೆ. ಪತ್ರದಲ್ಲಿ ವಿವರವಿಲ್ಲದಿದ್ದರೆ ಆ ಅನುಭವ ಇದ್ದೂ ಇಲ್ಲದಂತೆ.

ನಮ್ಮ ಕಡೆಯವರಿಗೆ ಮತ್ತೊಂದು ತೊಡಕು ಇನಿಷಿಯಲ್‌ನದು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ 'ರೇಖಾ ಎಂ.' ಇರುತ್ತದೆ. ಪಾಸ್‌ಪೋರ್ಟ್ ಮಾಡಿಸುವಾಗ ಇನಿಷಿಯಲ್ ಬಿಡಿಸಿ 'ರೇಖಾ ಮಂಜುನಾಥ' ಆಗುತ್ತದೆ. ಕೌನ್ಸಿಲ್ ನೋಂದಣಿಯಲ್ಲಿ 'ಎಂ. ರೇಖಾ'. ಮದುವೆಯಾಗಿದ್ದರೆ ನಾಲ್ಕನೆಯದೊಂದು ಹೆಸರು. ಊರಿನಲ್ಲಿ ಇದನ್ನು ಯಾರೂ ಪ್ರಶ್ನಿಸುವುದಿಲ್ಲ. ಜರ್ಮನ್ ಗುಮಾಸ್ತರ ಮೇಜಿನ ಮೇಲೆ ಇವರು ಮೂರು ಮಂದಿ ಬೇರೆ ಬೇರೆ ಹೆಂಗಸರು. ಇವರೆಲ್ಲ ಒಬ್ಬರೇ ಎಂಬ ನೋಟರಿ ಅಫಿಡವಿಟ್ಟನ್ನು ಮೊದಲ ದಿನವೇ ಕಡತದೊಳಗೆ ಇಡಬೇಕು. ಅದಕ್ಕೂ ಮೇಲು ಎಂದರೆ ಕೌನ್ಸಿಲ್ ದಾಖಲೆಯನ್ನು ಪಾಸ್‌ಪೋರ್ಟಿನ ಹೆಸರಿಗೆ ತಿದ್ದಿಸಿಕೊಳ್ಳುವುದು. ಅನುವಾದವನ್ನು ಯಾರೋ ಪರಿಚಯದವರಿಂದ ಮಾಡಿಸಿದರೆ ನಡೆಯದು. ಕೋರ್ಟಿನಲ್ಲಿ ಪ್ರಮಾಣ ಮಾಡಿದ ಅನುವಾದಕರೇ ಬೇಕು ಎಂದು ಹೆಚ್ಚಿನ ಕಚೇರಿಗಳು ಹೇಳುತ್ತವೆ. ಪುಟದ ಲೆಕ್ಕದಲ್ಲಿ ಶುಲ್ಕವಾದ್ದರಿಂದ ಪಠ್ಯಕ್ರಮದ ಇಡೀ ಪುಸ್ತಕವನ್ನು ಅನುವಾದಕ್ಕೆ ಕೊಡುವ ಮುನ್ನ ಯಾವ ಪುಟಗಳು ಬೇಕು ಎಂದು ವಿಚಾರಿಸುವುದು ಒಳ್ಳೆಯದು.

ಕಡತ ನೋಡಿದ ಮೇಲೆ ಬರುವ ಉತ್ತರ ಸಾಮಾನ್ಯವಾಗಿ ಪೂರ್ಣ ಒಪ್ಪಿಗೆಯಾಗಿರುವುದಿಲ್ಲ. ಇಂತಿಂಥ ವಿಷಯದಲ್ಲಿ ನಿಮ್ಮ ತರಬೇತಿ ಕಡಿಮೆಯಿದೆ ಎಂದು ಪಟ್ಟಿ ಮಾಡಿದ ಪತ್ರ ಬರುತ್ತದೆ. ಜರ್ಮನ್ನರು ಇದನ್ನು ಡೆಫಿಜಿಟ್‌ಬೆಶೈಡ್ ಎನ್ನುತ್ತಾರೆ. ಪತ್ರ ಕೈಗೆ ಬಂದಾಗ ಅನೇಕರು ಅರ್ಜಿ ತಿರಸ್ಕಾರವಾಯಿತು ಎಂದು ಅತ್ತುಬಿಡುತ್ತಾರೆ. ವಾಸ್ತವದಲ್ಲಿ ವೀಸಾಕ್ಕೆ ಬೇಕಾಗಿರುವುದೇ ಈ ಪತ್ರ. ಇದರ ಆಧಾರದ ಮೇಲೆ 16ಡಿ ಕಲಮಿನಡಿ ಜರ್ಮನಿಗೆ ಹೋಗಿ, ಅಲ್ಲಿ ಸಹಾಯಕ ನರ್ಸ್ ಆಗಿ ಸಂಬಳಕ್ಕೆ ಕೆಲಸ ಮಾಡುತ್ತಾ ಕೊರತೆ ತುಂಬಿಕೊಳ್ಳಬಹುದು. ಈ ಅನುಮತಿ 24 ತಿಂಗಳವರೆಗೆ ಸಿಗುತ್ತದೆ, ಅಗತ್ಯಬಿದ್ದರೆ ಇನ್ನು 12 ತಿಂಗಳು ವಿಸ್ತರಿಸುತ್ತಾರೆ.

ಕೊರತೆ ತುಂಬಿಕೊಳ್ಳಲು ಎರಡು ದಾರಿ. ಒಂದು, ಆಸ್ಪತ್ರೆ ಮತ್ತು ನರ್ಸಿಂಗ್ ಶಾಲೆ ಸೇರಿ ನಡೆಸುವ ಹೊಂದಾಣಿಕೆ ತರಬೇತಿ. ಕೊನೆಯಲ್ಲಿ ಒಂದು ಸಂವಾದ ಇರುತ್ತದೆ ಅಷ್ಟೇ, ಪರೀಕ್ಷೆಯ ಭಯ ಕಡಿಮೆ. ಆದರೆ ಕೊರತೆ ಎಷ್ಟಿದೆಯೋ ಅಷ್ಟು ತಿಂಗಳು ಕೂರಬೇಕು. ಇನ್ನೊಂದು ಜ್ಞಾನ ಪರೀಕ್ಷೆ. ಇದರಲ್ಲಿ ಮೌಖಿಕ ಭಾಗ ಮುಕ್ಕಾಲು ಗಂಟೆಯಿಂದ ಒಂದು ಗಂಟೆಯವರೆಗೆ ನಡೆಯುತ್ತದೆ. ಪ್ರಾಯೋಗಿಕ ಭಾಗ ನಿಜವಾದ ರೋಗಿಗಳ ಹಾಸಿಗೆಯ ಪಕ್ಕದಲ್ಲೇ. ಎರಡರಲ್ಲಿ ಯಾವುದರಲ್ಲಿ ಫೇಲಾದರೂ ಇನ್ನೊಂದು ಸಲ ಪರೀಕ್ಷೆಗೆ ಕೂರಬಹುದು, ಅದಕ್ಕಿಂತ ಹೆಚ್ಚಿಲ್ಲ. 2024ರ ಜನವರಿಯಿಂದ ಒಂದು ಅನುಕೂಲವೂ ಆಗಿದೆ. 'ನನ್ನ ಗಂಟೆಗಳನ್ನು ಹೋಲಿಸುವುದೇ ಬೇಡ, ನೇರವಾಗಿ ಪರೀಕ್ಷೆಗೆ ಅಥವಾ ತರಬೇತಿಗೆ ಬರುತ್ತೇನೆ' ಎಂದು ಬರೆದುಕೊಡಬಹುದು. ಕಾಲೇಜಿನಿಂದ ದಾಖಲೆ ಸಿಗದವರಿಗೆ ಇದು ದೊಡ್ಡ ಸಹಾಯ. ಹಲವು ವರ್ಷ ಐಸಿಯುನಲ್ಲಿ ಕೆಲಸ ಮಾಡಿ, ಒಳ್ಳೆಯ ಪತ್ರಗಳಿರುವವರು ಮಾತ್ರ ಇದಕ್ಕೆ ಸಹಿ ಹಾಕುವ ಮುನ್ನ ಯೋಚಿಸಬೇಕು. ಹೋಲಿಕೆ ಮಾಡಿಸಿದ್ದರೆ ಅವರ ತರಬೇತಿ ಚಿಕ್ಕದಾಗುತ್ತಿತ್ತೇನೋ.

ಪ್ರಾಯೋಗಿಕ ಪರೀಕ್ಷೆಯಲ್ಲಿ ನಮ್ಮವರು ಎಡವುವುದು ಇಂಜೆಕ್ಷನ್ ಕೊಡುವುದರಲ್ಲಿ ಅಲ್ಲ. ನಮ್ಮ ಆಸ್ಪತ್ರೆಗಳಲ್ಲಿ ರೋಗಿಗೆ ಮೈ ಒರೆಸುವುದು, ಊಟ ಮಾಡಿಸುವುದು, ಎಬ್ಬಿಸಿ ಕೂರಿಸುವುದನ್ನು ಆಯಾಗಳೋ ಮನೆಯವರೋ ಮಾಡುತ್ತಾರೆ. ನರ್ಸ್ ಔಷಧಿ, ಡ್ರಿಪ್, ಚಾರ್ಟ್ ನೋಡಿಕೊಳ್ಳುತ್ತಾರೆ. ಜರ್ಮನಿಯಲ್ಲಿ ಮೈ ಒರೆಸುವುದೇ ನರ್ಸಿಂಗ್‌ನ ತಿರುಳು. ಪರೀಕ್ಷಕರು ನೋಡುವುದು ಹೀಗೆ. ಪಾರ್ಶ್ವವಾಯುವಾದ ಅಜ್ಜಿಯೊಬ್ಬರನ್ನು ತೊಳೆಯುವಾಗ ನೀವು ಅವರ ಸ್ವಾಧೀನವಿರುವ ಕೈಯಿಂದ ಮುಖ ತಾವೇ ಒರೆಸಿಕೊಳ್ಳಲು ಬಿಟ್ಟಿರಾ? ಬಾಗಿಲು ಮುಚ್ಚಿದಿರಾ? ಮುಂದೇನು ಮಾಡಲಿದ್ದೀರಿ ಎಂದು ಅವರಿಗೆ ಹೇಳಿದಿರಾ? ಬೆನ್ನಿನ ಮೇಲೆ ಹಾಸಿಗೆ ಹುಣ್ಣಿನ ಮೊದಲ ಕೆಂಪು ಕಂಡು ಆರೈಕೆ ಯೋಜನೆಯಲ್ಲಿ ಬರೆದಿರಾ? ಎಲ್ಲವನ್ನೂ ಅಚ್ಚುಕಟ್ಟಾಗಿ ತಾವೇ ಮಾಡಿ ಮುಗಿಸಿದ ಚುರುಕಿನ ನರ್ಸ್ ಇಲ್ಲಿ ಅಂಕ ಕಳೆದುಕೊಳ್ಳುತ್ತಾರೆ, ಯಾಕೆಂದರೆ ರೋಗಿಗೆ ಮಾಡಲು ಬರುವುದನ್ನು ಅವರೇ ಮಾಡಿಕೊಳ್ಳಲು ಬಿಡಲಿಲ್ಲ.

ಈಗ ಭಾಷೆ. ವೀಸಾಕ್ಕೆ ಸಾಮಾನ್ಯವಾಗಿ ಬಿ1 ಮಟ್ಟ, ಪರವಾನಗಿಗೆ ಬಿ2. ಬಿ2 ತಲುಪಲು ಮುಕ್ಕಾಲು ಗಂಟೆಯ 600ರಿಂದ 800 ಪಾಠಗಳು ಬೇಕು ಎಂಬುದು ಗೊಯೆಥೆ ಸಂಸ್ಥೆಯ ಅಂದಾಜು. ವಾರಕ್ಕೆ 20 ಪಾಠ ಕೂತರೂ ಏಳೆಂಟು ತಿಂಗಳಿಗಿಂತ ಬೇಗ ಮುಗಿಯದು. ನೈಟ್ ಡ್ಯೂಟಿ ಮಾಡುತ್ತಾ ಕಲಿಯುವವರಿಗೆ ಒಂದು ವರ್ಷ ದಾಟುತ್ತದೆ. ಗೊಯೆಥೆಯ ಬಿ1, ಬಿ2 ಪರೀಕ್ಷೆಗಳಲ್ಲಿ ಓದು, ಆಲಿಸುವಿಕೆ, ಬರಹ, ಮಾತು ಎಂದು ನಾಲ್ಕು ಭಾಗ. ಪ್ರತಿಯೊಂದರಲ್ಲೂ ನೂರಕ್ಕೆ 60 ಬರಬೇಕು. ಒಳ್ಳೆಯ ಸಂಗತಿಯೆಂದರೆ ಫೇಲಾದ ಭಾಗವನ್ನಷ್ಟೇ ಮತ್ತೆ ಬರೆಯಬಹುದು. ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಪರೀಕ್ಷೆಗೆ ಸೀಟು ಬೇಗ ಭರ್ತಿಯಾಗುವುದರಿಂದ ಮರುಪರೀಕ್ಷೆಯ ಕಾಯುವಿಕೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಎ2 ಮಟ್ಟದಲ್ಲೇ ಹೋಗಿ ಉಳಿದ ಮಾನ್ಯತೆ ಕೆಲಸವನ್ನೆಲ್ಲ ಅಲ್ಲೇ ಮಾಡಿಕೊಳ್ಳುವ ಹೊಸ ಬಗೆಯ ಅನುಮತಿ 2024ರ ಮಾರ್ಚ್‌ನಿಂದ ಇದೆ. ಕೇಳಲು ಹಿತ. ಆದರೆ ಮೂರು ಪಾಳಿಯ ಕೆಲಸದ ನಡುವೆ, ಪಾಠದಲ್ಲಿಲ್ಲದ ಹಳ್ಳಿಯ ಜರ್ಮನ್ ಮಾತಾಡುವ ಅಜ್ಜಂದಿರ ನಡುವೆ ಎ2ದಿಂದ ಬಿ2ಕ್ಕೆ ಏರುವುದು ಊರಿನಲ್ಲೇ ಕೂತು ಕಲಿಯುವುದಕ್ಕಿಂತ ಸುಲಭವೆಂದು ನನಗೆ ಅನ್ನಿಸುವುದಿಲ್ಲ. ಸಾಧ್ಯವಿದ್ದವರು ಬಿ2 ಮುಗಿಸಿಯೇ ವಿಮಾನ ಹತ್ತಲಿ.

ಇವನ್ನೆಲ್ಲ ಕ್ಯಾಲೆಂಡರಿನ ಮೇಲೆ ಹಾಸಿ ನೋಡೋಣ. ದಾವಣಗೆರೆಯ ಖಾಸಗಿ ಆಸ್ಪತ್ರೆಯೊಂದರಲ್ಲಿ ಕೆಲಸ ಮಾಡುವ, ಮೂರು ವರ್ಷದ ಅನುಭವವಿರುವ ರೇಖಾ ಎಂಬ ಬಿಎಸ್ಸಿ ನರ್ಸ್ ಒಬ್ಬರನ್ನು ಕಲ್ಪಿಸಿಕೊಳ್ಳಿ. ಜನವರಿಯಲ್ಲಿ ಜರ್ಮನ್ ಪಾಠ ಶುರು. ಜೂನ್ ಹೊತ್ತಿಗೆ ಎ2, ಅಕ್ಟೋಬರ್‌ಗೆ ಬಿ1 ಪಾಸು. ಅದೇ ತಿಂಗಳು ಹೆಸ್ಸೆನ್ ರಾಜ್ಯದ ಆಸ್ಪತ್ರೆಯೊಂದರ ಜೊತೆ ವಿಡಿಯೊ ಸಂದರ್ಶನ, ನವೆಂಬರ್‌ನಲ್ಲಿ ಕರಾರು. ಡಿಸೆಂಬರ್‌ನಲ್ಲಿ ಆಸ್ಪತ್ರೆಯವರು 81ಎ ಪ್ರಕ್ರಿಯೆ ಶುರುಮಾಡುತ್ತಾರೆ. ಪ್ರಾಯೋಗಿಕ ಗಂಟೆಗಳ ಪತ್ರದಲ್ಲಿ ಮಕ್ಕಳ ವಾರ್ಡಿನ ವಿವರ ಬಿಟ್ಟುಹೋಗಿದೆ ಎಂದು ಮಾನ್ಯತಾ ಕಚೇರಿಯಿಂದ ಪತ್ರ ಬರುತ್ತದೆ. ಕಾಲೇಜಿಗೆ ಅಲೆದು ಅದನ್ನು ಕಳಿಸುವ ಹೊತ್ತಿಗೆ ಫೆಬ್ರುವರಿ ಕೊನೆ. ಗಡಿಯಾರ ಓಡಲು ಶುರುವಾಗುವುದು ಆಗ. ಏಪ್ರಿಲ್ ಕೊನೆಗೆ ಕೊರತೆ ಪತ್ರ ಕೈಗೆ ಬರುತ್ತದೆ. ಈ ನಡುವೆ ಮಾರ್ಚ್‌ನಲ್ಲಿ ಬಿ2 ಬರೆದಿದ್ದಾರೆ, ಮೂರು ಭಾಗ ಪಾಸು, ಆಲಿಸುವಿಕೆಯಲ್ಲಿ ಫೇಲು. ಜೂನ್‌ನಲ್ಲಿ ಅದೂ ಮುಗಿಯುತ್ತದೆ. ಪೂರ್ವಾನುಮತಿ ಹಿಡಿದು ಬೆಂಗಳೂರಿನ ಜರ್ಮನ್ ಕಾನ್ಸುಲೇಟ್ ವ್ಯಾಪ್ತಿಯಲ್ಲಿ ವೀಸಾ ಅರ್ಜಿ ಹಾಕುತ್ತಾರೆ, ಜುಲೈನಲ್ಲಿ ವೀಸಾ ಬರುತ್ತದೆ. ದಾವಣಗೆರೆಯ ಆಸ್ಪತ್ರೆಯಲ್ಲಿ ನೋಟಿಸ್ ಅವಧಿ ಮುಗಿಸಿ ಆಗಸ್ಟ್‌ನಲ್ಲಿ ಪ್ರಯಾಣ. ಇಲ್ಲಿಗೆ 20 ತಿಂಗಳು. ಅಲ್ಲಿ ಪರೀಕ್ಷೆಯ ತಯಾರಿ, ಸಹಾಯಕ ನರ್ಸ್ ಕೆಲಸ. ಮುಂದಿನ ಜೂನ್‌ನಲ್ಲಿ ಪರೀಕ್ಷೆ, ಜುಲೈನಲ್ಲಿ ಪರವಾನಗಿ. ಒಟ್ಟು ಎರಡೂವರೆ ವರ್ಷ. ಇದು ತ್ವರಿತ ಪ್ರಕ್ರಿಯೆ ಸಿಕ್ಕ, ಜ್ಞಾನ ಪರೀಕ್ಷೆ ಮೊದಲ ಸಲವೇ ಪಾಸಾದ, ಮನೆಯಲ್ಲಿ ಯಾರೂ ಕಾಯಿಲೆ ಬೀಳದ ಒಬ್ಬರ ಲೆಕ್ಕ.

ಇದರಲ್ಲಿ ವೀಸಾಕ್ಕೆಂದೇ ಹೋದದ್ದು ಒಂದೆರಡು ತಿಂಗಳು ಮಾತ್ರ. ಉಳಿದದ್ದೆಲ್ಲ ಭಾಷೆಗೆ, ಕಾಗದಕ್ಕೆ, ಪರೀಕ್ಷೆಗೆ. ಜಾಹೀರಾತಿನ ಆರು ತಿಂಗಳು ಎಂಬುದು ಈಗಾಗಲೇ ಬಿ1 ಮುಗಿಸಿ, ಕಡತ ಸಿದ್ಧವಿಟ್ಟುಕೊಂಡವರಿಗೆ ಸುಳ್ಳಲ್ಲ. ಗುಟೆನ್ ಮೊರ್ಗೆನ್ ಕೂಡ ಹೇಳಲು ಬಾರದವರಿಗೆ ಅದನ್ನು ಮಾರುವುದು ಸುಳ್ಳು.

ಸಂಬಳದ ಲೆಕ್ಕ ಹಾಕುವವರು ಪರವಾನಗಿಗೆ ಮುಂಚಿನ ತಿಂಗಳುಗಳನ್ನು ಮರೆಯುತ್ತಾರೆ. ವೃದ್ಧರ ಆರೈಕೆ ಸಂಸ್ಥೆಗಳಿಗೆ 2025ರ ಜುಲೈನಿಂದ ಜಾರಿಗೆ ಬಂದ ಕನಿಷ್ಠ ವೇತನ ಸಹಾಯಕರಿಗೆ ಗಂಟೆಗೆ 16.10 ಯೂರೋ, ಪರವಾನಗಿ ಪಡೆದ ನರ್ಸ್‌ಗೆ 20.50. ಆಸ್ಪತ್ರೆಗಳಲ್ಲಿ ಬೇರೆ ವೇತನ ಒಪ್ಪಂದಗಳಿವೆ, ಆದರೂ ಅಂದಾಜಿಗೆ ಇದನ್ನೇ ಹಿಡಿಯಬಹುದು. ವಾರಕ್ಕೆ 39 ಗಂಟೆಯಂತೆ ಸಹಾಯಕರಿಗೆ ತಿಂಗಳಿಗೆ ಸುಮಾರು 2,720 ಯೂರೋ ಆಗುತ್ತದೆ. ತೆರಿಗೆ, ವಿಮೆ, ಪಿಂಚಣಿ ಕಡಿತವಾಗಿ ಒಂಟಿ ವ್ಯಕ್ತಿಯ ಕೈಗೆ ಬರುವುದು 1,900ರ ಆಸುಪಾಸು. ಬಾಡಿಗೆ, ಊಟ ಅದರಲ್ಲೇ. ಪರವಾನಗಿ ಬಂದ ಮೇಲೆ ಕಡಿತಕ್ಕೆ ಮುಂಚಿನ ಸಂಬಳ ತಿಂಗಳಿಗೆ ಏಳುನೂರು ಯೂರೋಗೂ ಹೆಚ್ಚು ಏರುತ್ತದೆ. ಊರಿನಲ್ಲಿ ಸಾಲ ಮಾಡಿ ಹೊರಟವರು ಕಂತನ್ನು ಮೊದಲನೆಯ ಸಂಬಳಕ್ಕೆ ಹೊಂದಿಸಬೇಕೇ ಹೊರತು ಎರಡನೆಯದಕ್ಕಲ್ಲ.

ಸಾಲದ ಮಾತು ಬಂದಾಗ ಏಜೆಂಟರ ಮಾತೂ ಬರುತ್ತದೆ. ಹೊರದೇಶಕ್ಕೆ ಜನ ಕಳಿಸುವ ಏಜೆನ್ಸಿಗೆ 1983ರ ವಲಸೆ ಕಾಯ್ದೆಯಡಿ ಕೇಂದ್ರ ವಿದೇಶಾಂಗ ಇಲಾಖೆಯ ಲೈಸೆನ್ಸ್ ಬೇಕು. ಇದೆಯೇ ಎಂದು emigrate.gov.in ತಾಣದಲ್ಲಿ ಹೆಸರು ಹಾಕಿ ನೋಡಬಹುದು. ಲೈಸೆನ್ಸ್ ಇದ್ದವರೂ ಅಭ್ಯರ್ಥಿಯಿಂದ ಸೇವಾ ಶುಲ್ಕವೆಂದು 30 ಸಾವಿರ ರೂಪಾಯಿ ಮತ್ತು ಜಿಎಸ್‌ಟಿಗಿಂತ ಹೆಚ್ಚು ಪಡೆಯುವಂತಿಲ್ಲ. ಲಕ್ಷಗಳಲ್ಲಿ ಕೇಳುವವರು ಈ ಮಿತಿಯನ್ನು ತರಬೇತಿ, ದಾಖಲಾತಿ, ಪ್ರೊಸೆಸಿಂಗ್ ಎಂಬ ಬೇರೆ ಬೇರೆ ರಸೀದಿಗಳಲ್ಲಿ ಹಂಚಿ ದಾಟುತ್ತಾರೆ. ಜರ್ಮನಿಯ ಒಳ್ಳೆಯ ಆಸ್ಪತ್ರೆಗಳು ನೇಮಕಾತಿಯ ಖರ್ಚನ್ನು ತಾವೇ ಭರಿಸುವುದು ಈಗ ವಾಡಿಕೆ. ಜರ್ಮನ್ ಸರ್ಕಾರಿ ಸಂಸ್ಥೆಗಳು ಕೇರಳದ ನೋರ್ಕಾ ರೂಟ್ಸ್ ಜೊತೆ ಸೇರಿ ನಡೆಸುವ ಟ್ರಿಪಲ್ ವಿನ್ ಯೋಜನೆಯಲ್ಲಿ ನರ್ಸ್‌ಗಳು ಶುಲ್ಕವನ್ನೇ ಕೊಡುವುದಿಲ್ಲ. ನಮ್ಮಲ್ಲೂ ರಾಜ್ಯದ ಕೌಶಲ್ಯ ಅಭಿವೃದ್ಧಿ ಇಲಾಖೆಯಡಿ ಅಂತರರಾಷ್ಟ್ರೀಯ ವಲಸೆ ಕೇಂದ್ರವಿದೆ. ಖಾಸಗಿಯವರ ಬಾಗಿಲು ತಟ್ಟುವ ಮುನ್ನ ಅಲ್ಲಿ ವಿಚಾರಿಸಿದರೆ ನಷ್ಟವೇನಿಲ್ಲ.

ಮೋಸ ಎನ್ನಲಾಗದ, ಆದರೆ ಮೋಸಕ್ಕಿಂತ ಹೆಚ್ಚು ವರ್ಷ ತಿನ್ನುವ ಸಂಗತಿ ಇನ್ನೊಂದಿದೆ. ಬಿಎಸ್ಸಿ ಮುಗಿಸಿದ ನರ್ಸ್‌ಗಳನ್ನು 'ಔಸ್‌ಬಿಲ್ಡುಂಗ್' ಹೆಸರಿನಲ್ಲಿ ಕಳಿಸುವುದು. ಅದು ಹನ್ನೆರಡನೆಯ ತರಗತಿ ಮುಗಿಸಿದವರಿಗೆ ಹೊಂದುವ ಮೂರು ವರ್ಷದ ಹೊಸ ತರಬೇತಿ, ಸಂಬಳವೂ ತರಬೇತಿಯವರದ್ದೇ. ಏಜೆಂಟರಿಗೆ ಇದು ಸಲೀಸು, ಮಾನ್ಯತೆಯ ಕಡತವೇ ಬೇಕಾಗಿಲ್ಲ. ನರ್ಸ್‌ಗೆ ಇದು ನಾಲ್ಕು ವರ್ಷದ ಓದನ್ನು ಇಲ್ಲವೆಂದು ಬರೆದುಕೊಟ್ಟು ಮತ್ತೆ ಮೊದಲಿನಿಂದ ಕಲಿಯುವ ಒಪ್ಪಂದ. ಕರಾರಿನ ಮೇಲೆ ಆ ಪದ ಕಂಡರೆ ಸಹಿ ಮಾಡಬೇಡಿ. ಮೂರು ವರ್ಷದೊಳಗೆ ಕೆಲಸ ಬಿಟ್ಟರೆ ನೇಮಕಾತಿ ಖರ್ಚು ವಾಪಸು ಕೊಡಬೇಕು ಎಂಬ ಕಲಮು ಇದೆಯೇ, ಇದ್ದರೆ ಮೊತ್ತ ವರ್ಷದಿಂದ ವರ್ಷಕ್ಕೆ ಇಳಿಯುತ್ತದೆಯೇ, ಪರೀಕ್ಷೆಯಲ್ಲಿ ಫೇಲಾದರೆ ಏನು ಎಂಬುದನ್ನೂ ಓದಿ. ಓದಲು ಜರ್ಮನ್ ಸಾಲದಿದ್ದರೆ ಅನುವಾದ ಮಾಡಿಸಿಯೇ ಓದಿ.

ಕೊನೆಯದಾಗಿ ಕಾಯಂ ವಾಸ. ಕುಶಲ ಕೆಲಸಗಾರರಿಗೆ ಇದು ಮೂರು ವರ್ಷದಲ್ಲಿ ಸಿಗುತ್ತದೆ ಎಂಬುದು ಸರಿ. ಆದರೆ ಆ ಮೂರು ವರ್ಷ ಎಣಿಕೆಗೆ ಬರುವುದು ಪೂರ್ಣ ಪರವಾನಗಿಯ ಮೇಲೆ ಸಿಕ್ಕ ಕುಶಲ ಕೆಲಸಗಾರರ ಅನುಮತಿಯ ದಿನದಿಂದ. ಸಹಾಯಕ ನರ್ಸ್ ಆಗಿ ಕಳೆದ ತಿಂಗಳುಗಳು ಆ ಲೆಕ್ಕಕ್ಕೆ ಸೇರುವುದಿಲ್ಲ. ಕುಟುಂಬ ಕರೆಸಿಕೊಳ್ಳುವುದೂ ವ್ಯವಹಾರದಲ್ಲಿ ಆ ದಿನದ ಮೇಲೆಯೇ ಸಾಧ್ಯವಾಗುವುದು. ಅದಕ್ಕೆ ಮುಂಚಿನ ಸಂಬಳದಲ್ಲಿ ಮನೆ ಹಿಡಿದು ಎಲ್ಲರನ್ನೂ ಸಾಕುತ್ತೇನೆಂದು ತೋರಿಸುವುದು ಕಷ್ಟ. ಹಾಗಾಗಿ ಸಂದರ್ಶನದ ಕೊನೆಯಲ್ಲಿ 'ನಿಮ್ಮದೇನಾದರೂ ಪ್ರಶ್ನೆ ಇದೆಯೇ?' ಎಂದು ಆಸ್ಪತ್ರೆಯವರು ಕೇಳಿದಾಗ ಕೇಳಬೇಕಾದದ್ದು ಒಂದೇ. ನಿಮ್ಮಲ್ಲಿಗೆ ಕಳೆದ ಸಲ ಬಂದ ಭಾರತೀಯ ನರ್ಸ್‌ಗಳಿಗೆ ಪರವಾನಗಿ ಸಿಗಲು ಎಷ್ಟು ತಿಂಗಳು ಹಿಡಿಯಿತು? ಈ ಕೆಲಸವನ್ನು ನಿಜವಾಗಿ ಮಾಡಿದವರಿಗೆ ಆ ಸಂಖ್ಯೆ ಬಾಯಿಪಾಠವಾಗಿರುತ್ತದೆ.